ಸೆಕೆಂಡ್ ಮುಳ್ಳು ತಡವರಿಸಿದರೆ: ಬಡಿತದ ಲೆಕ್ಕವೋ, ಯಂತ್ರದ ದೋಷವೋ?

ಕಳೆದ ಬೇಸಿಗೆಯಲ್ಲಿ, ಗುಬ್ಬಿಯಿಂದ ದಿನವೂ ಬಸ್ಸಿನಲ್ಲಿ ತುಮಕೂರಿಗೆ ಬಂದುಹೋಗುವ ಮೇಷ್ಟ್ರೊಬ್ಬರು ನನ್ನ ರಿಪೇರಿ ಮೇಜಿನ ಮೇಲೆ ಎರಡು ಕೈಗಡಿಯಾರಗಳನ್ನು ಇಟ್ಟರು. ಒಂದು ಅವರ ತಂದೆ ಕಟ್ಟುತ್ತಿದ್ದ, ಕೀ ಕೊಡುವ ಎಚ್‌ಎಂಟಿ ಜನತಾ. ಇನ್ನೊಂದು ಮಗ ತಂದುಕೊಟ್ಟದ್ದು, ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್. ಎಚ್‌ಎಂಟಿಯ ವಾಚ್ ಕಾರ್ಖಾನೆ ಇದ್ದ ಊರು ಇದಾದ್ದರಿಂದ ಮೊದಲನೆಯದರಂಥವು ನನ್ನ ಬಳಿಗೆ ಇಂದಿಗೂ ಬರುತ್ತಲೇ ಇರುತ್ತವೆ. ಆದರೆ ಮೇಷ್ಟ್ರ ದೂರು ಇದ್ದದ್ದು ಹೊಸದರ ಮೇಲೆ. "ಅಪ್ಪನ ವಾಚಿನ ಸೆಕೆಂಡ್ ಮುಳ್ಳು ಒಂದೇ ಸಮ ನಡೆಯುತ್ತದೆ, ಇದರದ್ದು ತಡವರಿಸುತ್ತದೆ, ಬಸ್ಸಿನಲ್ಲಂತೂ ನಿಂತು ನಿಂತು ನೆಗೆಯುತ್ತದೆ. ಇದರ ಬಡಿತ ಕಡಿಮೆಯಾಗಿರಬೇಕು, ಸ್ವಲ್ಪ ಹೆಚ್ಚು ಮಾಡಿಕೊಡಿ" ಎಂದರು.

ಈ ಮಾತನ್ನು ನಾನು ಬೇರೆಯವರಿಂದಲೂ ಕೇಳಿದ್ದೇನೆ. ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಮುಳ್ಳು ಎಷ್ಟು ನುಣುಪಾಗಿ ಸಾಗಬೇಕು ಎಂಬುದು ಯಂತ್ರದ ಬಡಿತದ ದರದಿಂದ ನಿರ್ಧಾರವಾಗುತ್ತದೆ, ಮತ್ತು ಆ ದರ ಯಂತ್ರವನ್ನು ರಚಿಸಿದಾಗಲೇ ಹಲ್ಲುಗಳ ಲೆಕ್ಕದಲ್ಲಿ ಗಟ್ಟಿಯಾಗಿಬಿಟ್ಟಿರುತ್ತದೆ. ಮೊದಲು ನುಣುಪಾಗಿದ್ದ ಮುಳ್ಳು ಈಗ ತಡವರಿಸುತ್ತಿದ್ದರೆ ಕಾರಣವನ್ನು ಬಡಿತದ ದರದಲ್ಲಿ ಹುಡುಕಬಾರದು, ಮುಳ್ಳಿಗೆ ಚಲನೆ ತಲುಪುವ ದಾರಿಯಲ್ಲಿ ಹುಡುಕಬೇಕು. ಹೀಗೆ ಹೇಳುವುದಕ್ಕೆ ಆಧಾರವೇನೆಂದು ಮೊದಲು ವಿವರಿಸಿ, ಆಮೇಲೆ ಮೇಷ್ಟ್ರ ವಾಚಿನಲ್ಲಿ ದೋಷವನ್ನು ಹಿಡಿದ ಬಗೆಯನ್ನು ಬರೆಯುತ್ತೇನೆ.

ಬಡಿತವೆಂದರೇನು

ವಾಚಿನೊಳಗೆ ಲೋಲಕದಂತೆ ತೂಗಾಡುವ ಬ್ಯಾಲೆನ್ಸ್ ಚಕ್ರ ಒಂದು ಬದಿಯಿಂದ ಇನ್ನೊಂದು ಬದಿಗೆ ಒಮ್ಮೆ ತೂಗಿದರೆ ಅದು ಒಂದು ಬಡಿತ. ಹೋಗಿ ಮರಳಿ ಬಂದರೆ ಎರಡು. ಕಿವಿಗೆ ಕೇಳುವ ಪ್ರತಿಯೊಂದು ಟಿಕ್ ಒಂದು ಬಡಿತದ ಸದ್ದು. ಗಂಟೆಗೆ ಇಂಥ ಬಡಿತಗಳು ಎಷ್ಟು ಎಂಬುದನ್ನೇ ವಾಚಿನ ಕಾಗದಪತ್ರಗಳಲ್ಲಿ 18,000, 21,600, 28,800 ಎಂದು ನಮೂದಿಸಿರುತ್ತಾರೆ. ಈ ಸಂಖ್ಯೆಯನ್ನು 3,600ರಿಂದ ಭಾಗಿಸಿದರೆ ಸೆಕೆಂಡಿಗೆ ಕ್ರಮವಾಗಿ 5, 6 ಮತ್ತು 8 ಬಡಿತಗಳು ಸಿಗುತ್ತವೆ. ಜನತಾದಂಥ ಹಳೆಯ ಕೀ ವಾಚುಗಳದ್ದು ಸಾಮಾನ್ಯವಾಗಿ 18,000. ಇಂದಿನ ಅನೇಕ ಜಪಾನಿ ಆಟೊಮ್ಯಾಟಿಕ್ ಯಂತ್ರಗಳದ್ದು 21,600, ಸ್ವಿಸ್ ಯಂತ್ರಗಳಲ್ಲಿ ಬಹಳ ಬಳಕೆಯಲ್ಲಿರುವ ಇಟಿಎ 2824-2ರದ್ದು 28,800. 1969ರಲ್ಲಿ ಬಂದ ಜೆನಿತ್ ಎಲ್ ಪ್ರೈಮೆರೊ 36,000 ಬಡಿತದ್ದು, ಅಂದರೆ ಸೆಕೆಂಡಿಗೆ 10.

ಪ್ರತಿ ಬಡಿತಕ್ಕೆ ಎಸ್ಕೇಪ್ ಚಕ್ರ ಅರ್ಧ ಹಲ್ಲಿನಷ್ಟು ಮುಂದೆ ಸರಿದು ಮತ್ತೆ ಲಾಕ್ ಆಗುತ್ತದೆ. ಅದರ ಜೊತೆಗೆ ಉಳಿದ ಚಕ್ರಗಳೂ ಸೆಕೆಂಡ್ ಮುಳ್ಳೂ ಒಂದು ಸಣ್ಣ ಹೆಜ್ಜೆ ಇಟ್ಟು ನಿಲ್ಲುತ್ತವೆ. ಆದ್ದರಿಂದ ಇಂಥ ವಾಚುಗಳಲ್ಲಿ ಮುಳ್ಳು ಹರಿಯುವುದೇ ಇಲ್ಲ. ಹೆಚ್ಚು ಹೊತ್ತು ನಿಂತೇ ಇದ್ದು ಸೆಕೆಂಡಿಗೆ ಹಲವು ಬಾರಿ ಜಿಗಿಯುತ್ತದೆ, ಕಣ್ಣು ಆ ಹೆಜ್ಜೆಗಳನ್ನು ಬೆಸೆದುಕೊಂಡು ಹರಿವೆಂದು ಭಾವಿಸುತ್ತದೆ. ಒಂದು ಸೆಕೆಂಡಿಗೆ ಮುಳ್ಳು 6 ಡಿಗ್ರಿ ತಿರುಗಬೇಕು. 18,000ದ ವಾಚು ಅದನ್ನು ಐದು ಹೆಜ್ಜೆಗಳಲ್ಲಿ ಮುಗಿಸುವುದರಿಂದ ಒಂದು ಹೆಜ್ಜೆ 1.2 ಡಿಗ್ರಿ. 21,600ರಲ್ಲಿ ಅದು ಸರಿಯಾಗಿ 1 ಡಿಗ್ರಿ, 28,800ರಲ್ಲಿ 0.75 ಡಿಗ್ರಿ.

ಕಣ್ಣಿಗೆ ಕಾಣುವುದು ಡಿಗ್ರಿಯಲ್ಲ, ಮುಳ್ಳಿನ ತುದಿ ದಾಟುವ ದೂರ ಎಂಬುದನ್ನು ಇಲ್ಲಿಯೇ ಸೇರಿಸಬೇಕು, ಏಕೆಂದರೆ ಎರಡು ವಾಚುಗಳನ್ನು ಹೋಲಿಸುವಾಗ ಇದನ್ನು ಮರೆಯುವವರೇ ಹೆಚ್ಚು. ಮುಳ್ಳು 12 ಮಿಲಿಮೀಟರ್ ಉದ್ದವಿದ್ದರೆ 18,000 ಬಡಿತದಲ್ಲಿ ತುದಿ ಒಂದು ಹೆಜ್ಜೆಗೆ ಸುಮಾರು ಕಾಲು ಮಿಲಿಮೀಟರ್ ಸರಿಯುತ್ತದೆ, 28,800ರಲ್ಲಿ ಸುಮಾರು 0.16 ಮಿಲಿಮೀಟರ್. ಆದರೆ ಅದೇ 18,000ದ ಯಂತ್ರ, ಆರು ಗಂಟೆಯ ಗುರುತಿನ ಮೇಲಿನ ಪುಟ್ಟ ವೃತ್ತದಲ್ಲಿ 3 ಮಿಲಿಮೀಟರ್ ಮುಳ್ಳನ್ನು ತಿರುಗಿಸುತ್ತಿದ್ದರೆ ತುದಿಯ ಹೆಜ್ಜೆ 0.06 ಮಿಲಿಮೀಟರಿಗೆ ಇಳಿದು, ಹೆಚ್ಚು ಬಡಿತದ ದೊಡ್ಡ ವಾಚಿಗಿಂತಲೂ ನುಣುಪಾಗಿ ಕಾಣುತ್ತದೆ. ಮೇಷ್ಟ್ರ ತಂದೆಯ ವಾಚು ಚಿಕ್ಕ ಡಯಲಿನದ್ದು, ಮಗ ಕೊಟ್ಟದ್ದು ಅಗಲವಾದದ್ದು. ಅವರ ಕಣ್ಣು ಕಂಡ ವ್ಯತ್ಯಾಸದಲ್ಲಿ ಒಂದು ಪಾಲು ಇದರದ್ದೇ.

ರೆಗ್ಯುಲೇಟರ್ ತಿರುಗಿಸಿ ನುಣುಪನ್ನು ಹೆಚ್ಚಿಸಲಾಗದು

ಬಡಿತದ ದರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಹಳೆಯ ಪದ್ಧತಿಯ ಒಂದು ಚಕ್ರಸಾಲನ್ನು ನೋಡೋಣ. ಗಂಟೆಗೊಮ್ಮೆ ತಿರುಗುವ ನಡುಚಕ್ರಕ್ಕೆ 80 ಹಲ್ಲು, ಮೂರನೆಯ ಚಕ್ರಕ್ಕೆ 75, ನಾಲ್ಕನೆಯದಕ್ಕೆ 80, ಎಸ್ಕೇಪ್ ಚಕ್ರಕ್ಕೆ 15. ಇವುಗಳ ನಡುವಿನ ಮೂರು ಪಿನಿಯನ್‌ಗಳಿಗೆ, ಅಂದರೆ ಪುಟ್ಟ ಹಲ್ಲುಚಕ್ರಗಳಿಗೆ, 10, 10 ಮತ್ತು 8 ಹಲ್ಲು. ಎಸ್ಕೇಪ್ ಚಕ್ರದ ಪ್ರತಿ ಹಲ್ಲಿಗೆ ಎರಡು ಬಡಿತ ಆಗುವುದರಿಂದ ಕೊನೆಯಲ್ಲಿ 2ರಿಂದ ಗುಣಿಸಬೇಕು.

```
(80 × 75 × 80 × 15 × 2) ÷ (10 × 10 × 8) = 18000
```

ಇದರಲ್ಲಿ ಬದಲಾಯಿಸಬಹುದಾದ ತಿರುಪಾಗಲಿ ಸ್ಪ್ರಿಂಗಾಗಲಿ ಇಲ್ಲ, ಇರುವುದೆಲ್ಲ ಹಲ್ಲುಗಳೇ. ಗಂಟೆಗೆ 18,000 ಬಡಿತವಾದರೆ ಮಾತ್ರ ಈ ಚಕ್ರಸಾಲು ಸರಿಯಾದ ಗಂಟೆ ತೋರಿಸುತ್ತದೆ. ರೆಗ್ಯುಲೇಟರ್ ಮಾಡುವುದು ಬ್ಯಾಲೆನ್ಸನ್ನು ತೂಗಿಸುವ ಹೇರ್‌ಸ್ಪ್ರಿಂಗಿನ ಕೆಲಸ ಮಾಡುವ ಉದ್ದವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಿ, ಬ್ಯಾಲೆನ್ಸನ್ನು ಆ ಸಂಖ್ಯೆಗೆ ಹೊಂದಿಸುವುದನ್ನಷ್ಟೇ. 21,600ರ ಒಂದು ವಾಚು ದಿನಕ್ಕೆ ಪೂರ್ತಿ ಒಂದು ನಿಮಿಷ ಮುಂದೆ ಓಡುತ್ತಿದೆ ಎಂದುಕೊಳ್ಳಿ. ಯಾರೂ ಸಹಿಸದಷ್ಟು ತಪ್ಪು ಅದು. ಆಗಲೂ ಗಂಟೆಗೆ ಹೆಚ್ಚಾಗುವುದು 15 ಬಡಿತ, ಅಂದರೆ 21,600ರ ಬದಲು 21,615. ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತದ ಸೋಂಕು ತಗುಲಿ ದಿನಕ್ಕೆ ಹತ್ತು ನಿಮಿಷ ಓಡಿದರೂ ಹೆಚ್ಚುವುದು 150 ಮಾತ್ರ. ಸೆಕೆಂಡಿಗೆ ಆರು ಹೆಜ್ಜೆ ಇಡುವ ಮುಳ್ಳಿನಲ್ಲಿ ಈ ವ್ಯತ್ಯಾಸವನ್ನು ಗುರುತಿಸುವ ಕಣ್ಣು ಯಾರಿಗೂ ಇಲ್ಲ.

ಆದ್ದರಿಂದ "ನುಣುಪು ಬರಲೆಂದು ವೇಗ ಹೆಚ್ಚಿಸಿದ್ದೇನೆ" ಎಂದು ಯಾರಾದರೂ ಹೇಳಿದರೆ, ಅವರು ವಾಚಿನ ಗಂಟೆಯನ್ನು ಕೆಡಿಸಿದ್ದಾರೆಯೇ ಹೊರತು ನುಣುಪನ್ನು ತಂದಿಲ್ಲ. ನುಣುಪೇ ಗುಣಮಟ್ಟದ ಅಳತೆ ಎಂಬ ನಂಬಿಕೆಯೂ ಸರಿಯಲ್ಲ. ಹೆಚ್ಚು ಬಡಿತಕ್ಕೆ, ಕೀ ಕೊಟ್ಟಾಗ ಸುತ್ತಿಕೊಳ್ಳುವ ಮೇನ್‌ಸ್ಪ್ರಿಂಗಿನ ಶಕ್ತಿ ಹೆಚ್ಚು ಖರ್ಚಾಗುತ್ತದೆ. ಪವರ್‌ಮ್ಯಾಟಿಕ್ 80 ಎಂಬ ಸ್ವಿಸ್ ಯಂತ್ರ 2824ರ ಕುಲದ್ದೇ ಆದರೂ, ಒಮ್ಮೆ ತುಂಬಿದ ಕೀ 80 ಗಂಟೆ ಬಾಳಲೆಂದು ಅದರ ಬಡಿತವನ್ನು 28,800ರಿಂದ 21,600ಕ್ಕೆ ಇಳಿಸಲಾಗಿದೆ. ಹಳೆಯದನ್ನು ಬಿಟ್ಟು ಅದನ್ನು ಕೊಂಡವರಿಗೆ ಮುಳ್ಳು ಒರಟಾದಂತೆ ಕಂಡರೆ ಅದು ದೋಷವಲ್ಲ.

ಮೊದಲ ಪರೀಕ್ಷೆ: ಹೆಜ್ಜೆಗಳನ್ನು ಎಣಿಸುವುದು

ವಾಚಿನ ಬೆನ್ನು ತೆಗೆಯುವ ಮೊದಲೇ ಮಾಡಬಹುದಾದ ಕೆಲಸವಿದು. ಮೊಬೈಲಿನ ನಿಧಾನಗತಿಯ ವಿಡಿಯೊದಲ್ಲಿ ಸೆಕೆಂಡ್ ಮುಳ್ಳನ್ನು ಅರ್ಧ ನಿಮಿಷ ಚಿತ್ರೀಕರಿಸಿ, ಮುಳ್ಳು ಒಂದು ಐದು ಸೆಕೆಂಡಿನ ಗುರುತಿನಿಂದ ಮುಂದಿನ ಗುರುತಿಗೆ ಹೋಗುವಷ್ಟರಲ್ಲಿ ಎಷ್ಟು ಬಾರಿ ನಿಂತಿತು ಎಂದು ಎಣಿಸಬೇಕು. 25 ಬಂದರೆ 18,000, 30 ಬಂದರೆ 21,600, 40 ಬಂದರೆ 28,800. ಡಯಲಿನ ಗುರುತುಗಳನ್ನೇ ಅಳತೆಗೋಲಾಗಿ ಬಳಸುವುದರಿಂದ ಮೊಬೈಲು ಸೆಕೆಂಡಿಗೆ ಎಷ್ಟು ಚಿತ್ರ ತೆಗೆಯುತ್ತದೆ ಎಂಬ ಲೆಕ್ಕ ಇದಕ್ಕೆ ಬೇಕಿಲ್ಲ. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲಾದರೆ ಇನ್ನೂ ಒಂದು ಅನುಕೂಲವಿದೆ: 21,600ರ ವಾಚಿನಲ್ಲಿ ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಸರಿಯಾಗಿ 40 ಚಿತ್ರಗಳ ಅಂತರ ಇರಬೇಕು, ಮತ್ತು ಪ್ರತಿ ಹೆಜ್ಜೆಯ ಉದ್ದವೂ ಒಂದೇ ಆಗಿರಬೇಕು.

ಹೆಜ್ಜೆಗಳು ಸಮವಾಗಿದ್ದು ಸಂಖ್ಯೆ ಯಂತ್ರದ ದರಕ್ಕೆ ಹೊಂದಿದರೆ ವಾಚಿನಲ್ಲಿ ದೋಷವಿಲ್ಲ, ಅದರ ಸ್ವಭಾವವೇ ಅಷ್ಟು. ಅಂಥದ್ದನ್ನು ಬಿಚ್ಚದೆ ಹಿಂದಿರುಗಿಸುವುದು ಸರಿಯಾದ ಕೆಲಸವೆಂದು ನಾನು ಭಾವಿಸುತ್ತೇನೆ. ಮೇಷ್ಟ್ರ ಹೊಸ ವಾಚಿನಲ್ಲಿ ಮಾತ್ರ ಹಾಗಿರಲಿಲ್ಲ. ಕೆಲವು ಕಡೆ ಐದು ಸೆಕೆಂಡಿಗೆ 30 ಹೆಜ್ಜೆಗಳು ಸ್ಪಷ್ಟವಾಗಿ ಸಿಕ್ಕವು. ಕೆಲವು ಕಡೆ ಮುಳ್ಳು ಮೂರು ಬಡಿತಗಳ ಹೊತ್ತು ಅಲುಗದೆ ನಿಂತು, ನಾಲ್ಕನೆಯದಕ್ಕೆ ಒಂದೇ ನೆಗೆತದಲ್ಲಿ ಬಾಕಿಯನ್ನೆಲ್ಲ ತೀರಿಸಿ, ತುದಿಯಲ್ಲಿ ಒಂದು ಕ್ಷಣ ನಡುಗುತ್ತಿತ್ತು. ಬಾಕಿ ತೀರಿತು ಎಂಬುದೇ ಮುಖ್ಯ ಸುಳಿವು. ಯಂತ್ರ ಬಡಿತ ತಪ್ಪಿಲ್ಲ, ಮುಳ್ಳು ಮಾತ್ರ ಅದನ್ನು ತಡವಾಗಿ ಅನುಸರಿಸುತ್ತಿದೆ.

ಬಡಿತದ ಸದ್ದು ಕೇಳಿ ವಾಚಿನ ನಡೆಯನ್ನು ಅಳೆಯುವ ಟೈಮ್‌ಗ್ರಾಫರ್ ಅದನ್ನೇ ಹೇಳಿತು. ದರ 21,600 ಎಂದು ಅದು ತಾನೇ ಗುರುತಿಸಿತು. ಡಯಲ್ ಮೇಲ್ಮುಖವಾಗಿದ್ದಾಗ ದಿನಕ್ಕೆ 6 ಸೆಕೆಂಡ್ ಮುಂದೆ, ಬ್ಯಾಲೆನ್ಸ್ ಎಷ್ಟು ಅಗಲಕ್ಕೆ ತೂಗುತ್ತದೆ ಎಂಬುದನ್ನು ಹೇಳುವ ಆಂಪ್ಲಿಟ್ಯೂಡ್ 268 ಡಿಗ್ರಿ, ಎರಡು ಬದಿಯ ತೂಗಾಟಗಳ ಹೊತ್ತಿನ ವ್ಯತ್ಯಾಸವಾದ ಬೀಟ್ ಎರರ್ 0.3 ಮಿಲಿಸೆಕೆಂಡ್. ಪೂರ್ತಿ ಕೀ ತುಂಬಿದ ಆರೋಗ್ಯವಂತ ಯಂತ್ರದ ಅಂಕಿಗಳಿವು. ಪರದೆಯ ಗೆರೆಗಳು ಚದುರಿ ಹುಚ್ಚುಹುಚ್ಚಾಗಿ ಓಡುತ್ತಿದ್ದರೆ ಯಂತ್ರವನ್ನು ದೂರುವ ಮೊದಲು, ಉಪಕರಣದಲ್ಲಿ ಬಡಿತದ ದರವನ್ನು ತಪ್ಪಾಗಿ ಆಯ್ದಿಲ್ಲವೇ ಎಂದು ನೋಡಿಕೊಳ್ಳಬೇಕು. 18,000ದ ಜನತಾವನ್ನು 21,600ರ ಆಯ್ಕೆಯಲ್ಲಿಟ್ಟು ಅಳೆದರೆ ಒಳ್ಳೆಯ ವಾಚೂ ಕೆಟ್ಟದ್ದಾಗಿ ಕಾಣುತ್ತದೆ.

ಮುಳ್ಳಿಗೆ ಚಲನೆ ಬರುವ ದಾರಿ

ನಾಲ್ಕನೆಯ ಚಕ್ರ ನಿಮಿಷಕ್ಕೊಮ್ಮೆ ತಿರುಗುತ್ತದೆ. ಅದು ಯಂತ್ರದ ನಡುವಿನಲ್ಲಿದ್ದು ಮುಳ್ಳು ಅದರ ಅಚ್ಚಿನ ಮೇಲೇ ಕೂತಿದ್ದರೆ, ಮೇನ್‌ಸ್ಪ್ರಿಂಗಿನ ಒತ್ತಡ ಸದಾ ಆ ಚಕ್ರದ ಮೂಲಕವೇ ಎಸ್ಕೇಪ್ ಚಕ್ರಕ್ಕೆ ಹರಿಯುತ್ತಿರುತ್ತದೆ. ಹಲ್ಲಿಗೆ ಹಲ್ಲು ಒತ್ತಿಕೊಂಡೇ ಇರುವುದರಿಂದ ಮುಳ್ಳಿಗೆ ಅಲ್ಲಾಡಲು ಎಡೆಯಿಲ್ಲ.

ಕೆಲವು ಯಂತ್ರಗಳಲ್ಲಿ ನಾಲ್ಕನೆಯ ಚಕ್ರ ಬದಿಯಲ್ಲಿರುತ್ತದೆ. ಆಗ ಮೂರನೆಯ ಚಕ್ರದ ಅಚ್ಚಿನಿಂದ ಚಲನೆಯನ್ನು ಪಡೆದು, ನಡುವಿನಲ್ಲಿರುವ ಒಂದು ಪ್ರತ್ಯೇಕ ಪಿನಿಯನ್ನನ್ನು ತಿರುಗಿಸಿ, ಅದರ ಮೇಲೆ ಮುಳ್ಳನ್ನು ಕೂರಿಸುತ್ತಾರೆ. ಬಹಳ ವಾಚುಗಳಲ್ಲಿ ಸಿಗುವ ಮಿಯೊಟಾ 8200 ಸರಣಿಯ ರಚನೆ ಹೀಗಿದೆ. ಈ ಪಿನಿಯನ್ ಚಲನೆಯನ್ನು ಮುಂದೆ ಯಾರಿಗೂ ದಾಟಿಸುವುದಿಲ್ಲ, ಅದರ ಮೇಲಿರುವುದು ಹಗುರವಾದ ಮುಳ್ಳು ಮಾತ್ರ. ಹೀಗಾಗಿ ಹಲ್ಲುಗಳ ನಡುವಿನ ಸಡಿಲದಲ್ಲಿ ಅದು ಹಿಂದೆ ಮುಂದೆ ಆಡಬಲ್ಲದು. ಆ ಆಟವನ್ನು ತಡೆಯಲೆಂದೇ ಕೂದಲಿನಷ್ಟು ತೆಳುವಾದ ಒಂದು ಒತ್ತು ಸ್ಪ್ರಿಂಗ್ ಪಿನಿಯನ್ನಿನ ಮೇಲೆ ಹಗುರವಾಗಿ ಕೂತಿರುತ್ತದೆ. ಅದರ ಒತ್ತಡ ಕಡಿಮೆಯಾದರೆ ಮುಳ್ಳು ನಡುಗುತ್ತದೆ, ಬಸ್ಸಿನ ಕುಲುಕಿಗೆ ಇನ್ನಷ್ಟು. ಒತ್ತಡ ಹೆಚ್ಚಾದರೆ ಅದೇ ಸ್ಪ್ರಿಂಗ್ ಬ್ರೇಕಿನಂತಾಗಿ ಇಡೀ ಯಂತ್ರದ ಆಂಪ್ಲಿಟ್ಯೂಡನ್ನು ತಿನ್ನುತ್ತದೆ.

ಎರಡನೆಯ ಪರೀಕ್ಷೆ: ತಡವರಿಕೆ ಡಯಲಿನಲ್ಲಿ ಎಲ್ಲಿ?

ಇದೊಂದನ್ನು ತಾಳ್ಮೆಯಿಂದ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಮೊದಲು ವಾಚನ್ನು ಮಲಗಿಸಿ ಐದು ನಿಮಿಷ ನೋಡಬೇಕು. ನಂತರ 12 ಮೇಲಿರುವಂತೆ ನಿಲ್ಲಿಸಿ, ಆಮೇಲೆ 6 ಮೇಲಿರುವಂತೆ ತಿರುಗಿಸಿ ನಿಲ್ಲಿಸಿ ನೋಡಬೇಕು. ಪ್ರತಿ ಸಲವೂ ಮುಳ್ಳು ಡಯಲಿನ ಯಾವ ಭಾಗದಲ್ಲಿ ತಡವರಿಸಿತು ಎಂದು ಬರೆದಿಟ್ಟುಕೊಳ್ಳಬೇಕು.

ಮೇಷ್ಟ್ರ ವಾಚನ್ನು 12 ಮೇಲಾಗಿ ನಿಲ್ಲಿಸಿದಾಗ ಮುಳ್ಳು 12ರಿಂದ 6ರ ಕಡೆಗೆ ಇಳಿಯುವಾಗ ಕೆಟ್ಟದಾಗಿ ನಡುಗಿತು, 6ರಿಂದ 12ಕ್ಕೆ ಏರುವಾಗ ಬಹುತೇಕ ಸಮವಾಗಿ ನಡೆಯಿತು. ತಲೆಕೆಳಗು ಮಾಡಿದಾಗ ತೊಂದರೆ ಡಯಲಿನ ಇನ್ನೊಂದು ಅರ್ಧಕ್ಕೆ, ಅಂದರೆ ಈಗ ಇಳಿಜಾರಾದ 6ರಿಂದ 12ರ ಭಾಗಕ್ಕೆ ಸರಿಯಿತು. ಕಾರಣ ಸರಳವಾದದ್ದು. ಮುಳ್ಳಿನ ತುದಿ ಭಾರವಿದ್ದರೆ, ಇಳಿಯುವಾಗ ಅದರ ತೂಕವೇ ಪಿನಿಯನ್ನನ್ನು ಹಲ್ಲಿನ ಸಡಿಲದಷ್ಟು ಮುಂದಕ್ಕೆ ಎಳೆದು ನಿಲ್ಲಿಸುತ್ತದೆ, ಚಕ್ರ ಬಂದು ಮುಟ್ಟುವವರೆಗೆ ಮುಳ್ಳು ಕಾಯುತ್ತದೆ. ಏರುವಾಗ ತೂಕ ಹಿಂದಕ್ಕೆ ಒತ್ತುವುದರಿಂದ ಹಲ್ಲುಗಳು ಅಂಟಿಕೊಂಡೇ ಇರುತ್ತವೆ. ಹೀಗೆ ತಡವರಿಕೆ ಭೂಮಿಯ ಸೆಳೆತದ ಜೊತೆ ಜಾಗ ಬದಲಿಸಿದರೆ, ದೋಷ ಒತ್ತು ಸ್ಪ್ರಿಂಗಿನಲ್ಲಿದೆ ಎಂದು ಬಹುಮಟ್ಟಿಗೆ ನಂಬಬಹುದು.

ವಾಚನ್ನು ಹೇಗೆ ತಿರುಗಿಸಿದರೂ ತಡವರಿಕೆ ಡಯಲಿನ ಒಂದೇ ಅಂಕಿಯ ಬಳಿ ನಿಮಿಷಕ್ಕೊಮ್ಮೆ ಬರುತ್ತಿದ್ದರೆ ಕಥೆ ಬೇರೆ. ಮುಳ್ಳು ಬಾಗಿ ಗಾಜಿಗೋ ನಿಮಿಷದ ಮುಳ್ಳಿಗೋ ತಾಗುತ್ತಿರಬಹುದು, ಇಲ್ಲವೇ ನಡುಪಿನಿಯನ್ನಿನ ಒಂದು ಹಲ್ಲಿನಲ್ಲಿ ಕಸವಿರಬಹುದು. ಏಳೆಂಟು ನಿಮಿಷಕ್ಕೊಮ್ಮೆ ಮಾತ್ರ ಕಾಣಿಸಿಕೊಂಡರೆ ಮೂರನೆಯ ಚಕ್ರದ ಕಡೆಯದನ್ನು ಅನುಮಾನಿಸಬೇಕು. ಮೇಲೆ ಕೊಟ್ಟ ಚಕ್ರಸಾಲಿನಲ್ಲಿ ಅದು ಒಂದು ಸುತ್ತಿಗೆ ಏಳೂವರೆ ನಿಮಿಷ ತೆಗೆದುಕೊಳ್ಳುತ್ತದೆ. ಇನ್ನೊಂದು ಸಾಧ್ಯತೆ, ಮುಳ್ಳಿನ ಕೊಳವೆ ಪಿನಿಯನ್ನಿನ ಮೇಲೆ ಸಡಿಲವಾಗಿರುವುದು. ಸೆಕೆಂಡ್ ಮುಳ್ಳು 12ಕ್ಕೆ ಬಂದಾಗ ನಿಮಿಷದ ಮುಳ್ಳು ಎಲ್ಲಿದೆ ಎಂದು ನೋಡಿಕೊಂಡು, ಆರು ಗಂಟೆ ಬಿಟ್ಟು ಮತ್ತೆ ನೋಡಿದರೆ ಅದು ಗೊತ್ತಾಗುತ್ತದೆ. ಎರಡರ ಹೊಂದಾಣಿಕೆ ಜಾರಿದ್ದರೆ ಸೆಕೆಂಡ್ ಮುಳ್ಳು ಸಡಿಲವಿದೆಯೆಂಬ ಅನುಮಾನವೇ ಮೊದಲು ಬರಬೇಕು. ಮೇಷ್ಟ್ರ ವಾಚಿನಲ್ಲಿ ಅದು ಜಾರಿರಲಿಲ್ಲ.

ಒಳಗೆ ಕಂಡದ್ದು, ಮಾಡಿದ್ದು

ಬೆನ್ನು ತೆಗೆದು, ಕೈ ಆಡಿದಂತೆ ತಿರುಗಿ ಕೀ ತುಂಬುವ ರೋಟರ್ ಬಿಚ್ಚಿದಾಗ ನಡುಪಿನಿಯನ್ನಿನ ಮೇಲಿನ ಸ್ಪ್ರಿಂಗ್ ತನ್ನ ಜಾಗದಲ್ಲೇ ಇತ್ತು. ಆದರೆ ಅದರ ತುದಿ ಎಣ್ಣೆಯಲ್ಲಿ ತೇಲುತ್ತಿತ್ತು. ಹಿಂದೆ ಯಾರೋ ನಡುಕವನ್ನು ಒಣಗಿದ ಎಣ್ಣೆಯ ಲಕ್ಷಣವೆಂದು ಭಾವಿಸಿ ಧಾರಾಳವಾಗಿ ಹಾಕಿದ್ದರು. ಆ ಎಣ್ಣೆ ಸ್ಪ್ರಿಂಗಿನ ಹಿಡಿತವನ್ನೇ ಜಾರಿಸಿ ತೊಂದರೆಯನ್ನು ಹೆಚ್ಚು ಮಾಡಿತ್ತು. ಜೊತೆಗೆ ಸ್ಪ್ರಿಂಗ್ ಸ್ವಲ್ಪ ಮೇಲಕ್ಕೆ ಬಾಗಿ, ಪಿನಿಯನ್ನನ್ನು ಮುಟ್ಟಿಯೂ ಮುಟ್ಟದಂತಿತ್ತು.

ಕೀಯನ್ನು ಪೂರ್ತಿ ಇಳಿಸಿದ ಮೇಲೆಯೇ ಸ್ಪ್ರಿಂಗನ್ನು ಬಿಚ್ಚಿದೆ. ಸ್ಪ್ರಿಂಗನ್ನೂ ಪಿನಿಯನ್ನಿನ ತುದಿಯನ್ನೂ ತೊಳೆದು ಒಣಗಿಸಿ, ಚಿಮಟದಿಂದ ಸ್ಪ್ರಿಂಗಿನ ತುದಿಯನ್ನು ಕಣ್ಣಿಗೆ ಕಂಡೂ ಕಾಣದಷ್ಟು ಕೆಳಕ್ಕೆ ಬಾಗಿಸಿ ಮತ್ತೆ ಕೂರಿಸಿ, ಎರಡೂ ತಾಗುವ ಬಿಂದುವಿಗೆ ಎಣ್ಣೆಸೂಜಿಯ ತುದಿಯಿಂದ ಒಂದು ಸಣ್ಣ ಸ್ಪರ್ಶ ಮಾತ್ರ ಕೊಟ್ಟೆ. ಇಲ್ಲಿ ಅವಸರಪಟ್ಟು ಒಂದೇ ಸಲಕ್ಕೆ ಹೆಚ್ಚು ಬಾಗಿಸಬಾರದು. ಪ್ರತಿ ಸಲ ಬಾಗಿಸಿದ ನಂತರ ಮೊದಲಿನಷ್ಟೇ ಕೀ ತುಂಬಿ, ಮೊದಲಿನ ಭಂಗಿಯಲ್ಲೇ ಟೈಮ್‌ಗ್ರಾಫರಿನ ಮೇಲಿಟ್ಟು ಆಂಪ್ಲಿಟ್ಯೂಡ್ ನೋಡಬೇಕು. ಮೊದಲ ಪ್ರಯತ್ನದಲ್ಲಿ ಮುಳ್ಳು ಕಲ್ಲಿನಂತೆ ಸ್ಥಿರವಾಯಿತು, ಆದರೆ 268 ಡಿಗ್ರಿ ಇದ್ದದ್ದು 239ಕ್ಕೆ ಇಳಿಯಿತು. ಅದನ್ನು ಹಾಗೇ ಬಿಟ್ಟಿದ್ದರೆ ಮೇಷ್ಟ್ರ ಕಣ್ಣಿಗೆ ಸಂತೋಷವಾಗುತ್ತಿತ್ತು, ಆದರೆ ಕೀ ಇಳಿಯುತ್ತ ಬಂದಾಗ ಗಂಟೆ ತಪ್ಪುತ್ತಿತ್ತು. ಸ್ಪ್ರಿಂಗನ್ನು ಸ್ವಲ್ಪ ಹಿಂದಕ್ಕೆ ಎತ್ತಿದ ಮೇಲೆ 261 ಡಿಗ್ರಿಗೆ ನಿಂತಿತು. ಹತ್ತು ಡಿಗ್ರಿಯೊಳಗಿನ ಇಳಿಕೆಯನ್ನು ನಾನು ಒಪ್ಪುತ್ತೇನೆ, ಇಪ್ಪತ್ತನ್ನು ದಾಟಿದರೆ ಸ್ಪ್ರಿಂಗ್ ಬಿಗಿಯಾಯಿತೆಂದೇ ತಿಳಿಯುತ್ತೇನೆ.

ಮತ್ತೆ ವಿಡಿಯೊ ತೆಗೆದು, ಮಲಗಿಸಿ ಒಮ್ಮೆ, ನಿಲ್ಲಿಸಿ ಎರಡು ಸಲ ಎಣಿಸಿದೆ. ಐದು ಸೆಕೆಂಡಿಗೆ 30 ಹೆಜ್ಜೆಗಳು, ಇಳಿಜಾರಿನಲ್ಲೂ ಏರಿನಲ್ಲೂ. ಜೋರಾಗಿ ಕುಲುಕಿದರೆ ಮುಳ್ಳು ಈಗಲೂ ಒಂದಿಷ್ಟು ಅಳುಕುತ್ತದೆ, ಈ ರಚನೆಯಲ್ಲಿ ಅದು ಪೂರ್ತಿ ಹೋಗುವುದಿಲ್ಲ. ಮೇಷ್ಟ್ರಿಗೆ ಅದನ್ನು ಮೊದಲೇ ಹೇಳಿದೆ. ಎರಡೂ ವಾಚುಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿ, "ಈಗ ಅಪ್ಪನದಕ್ಕಿಂತ ಇದು ನುಣುಪಾಗಿದೆ, ಬಡಿತ ಹೆಚ್ಚು ಮಾಡಿದಿರಾ?" ಎಂದರು. "ಇಲ್ಲ ಮೇಷ್ಟ್ರೇ, ಅದು ಮೊದಲೂ ಆರೇ ಹೆಜ್ಜೆ ಇಡುತ್ತಿತ್ತು, ಮುಳ್ಳಿನವರೆಗೆ ತಲುಪುತ್ತಿರಲಿಲ್ಲ ಅಷ್ಟೆ" ಎಂದೆ. ಅವರು ತಂದೆಯ ಜನತಾವನ್ನು ಮತ್ತೆ ಕಿವಿಯ ಬಳಿ ಹಿಡಿದು, ಬೆರಳಿನಲ್ಲಿ ಮೇಜಿನ ಮೇಲೆ ಬಡಿಯುತ್ತ ಸೆಕೆಂಡಿಗೆ ಐದನ್ನು ಎಣಿಸಲು ತೊಡಗಿದರು.